ಸ್ಪೋರ್ ಸತ್ತರೆ ಸಾಕಾ?

"ಸಾರ್, ಮೊಟ್ಟೆ ಬೇಯಿಸಿದ್ರೆ ಪ್ರೋಟೀನ್ ಕೆಡುತ್ತೆ ಅಂತೀರಿ. ಈ ಪ್ರಿಯಾನೂ ಬರೀ ಪ್ರೋಟೀನೇ ಅಂತೀರಿ. ಮತ್ತೆ ನಮ್ಮ ಆಟೋಕ್ಲೇವಿನ ಬಿಸಿ ಹಬೆಯಲ್ಲಿ ಯಾಕೆ ಕೆಡಲ್ಲ?"

ದಾವಣಗೆರೆಯ ಒಂದು ಆಸ್ಪತ್ರೆಯ ಥಿಯೇಟರ್ ಸಿಸ್ಟರ್ ಈ ವಾರ ಕೇಳಿದ್ದು. ಮೈಕ್ರೋಬಯಾಲಜಿಯವನು ಅಂತ ನನ್ನನ್ನು ಕರೆಸಿದ್ದರು. ಒಬ್ಬ ರೋಗಿಗೆ ಸಿಜೆಡಿ, ಅಂದರೆ ಪ್ರಿಯಾನ್‌ನಿಂದ ಮೆದುಳು ಹಾಳಾಗುವ ಕಾಯಿಲೆ, ಇರಬಹುದು ಅಂತ ಅನುಮಾನ. ಕೆಲವೇ ವಾರಗಳಲ್ಲಿ ನೆನಪು, ನಡಿಗೆ ಎಲ್ಲ ಕುಸಿದಿತ್ತು. ಮೆದುಳಿನ ಬಯಾಪ್ಸಿ ಮಾಡೋಣವಾ, ಮಾಡಿದರೆ ಆ ಉಪಕರಣಗಳ ಸೆಟ್ ಏನು ಮಾಡೋದು ಅನ್ನೋ ಚರ್ಚೆ. ಆಡಳಿತದವರ ಚಿಂತೆಯೆಲ್ಲ ಸೆಟ್ಟಿನ ರೇಟಿನ ಮೇಲೆ. ಸರ್ಜನ್ ಫೋನ್ ನೋಡ್ತಿದ್ದರು. ಸರಿಯಾದ ಪ್ರಶ್ನೆ ಕೇಳಿದವರು ಸಿಸ್ಟರ್ ಒಬ್ಬರೇ.

ನಮ್ಮೆಲ್ಲರ ಮೆದುಳಲ್ಲೂ ಪ್ರಿಯಾನ್ ಪ್ರೋಟೀನ್ ಇದೆ, ಅದರಿಂದ ತೊಂದರೆ ಇಲ್ಲ. ಅದೇ ಪ್ರೋಟೀನ್ ಬೇರೆ ಥರ ಮಡಚಿಕೊಂಡರೆ ಕಾಯಿಲೆ. ತಪ್ಪಾಗಿ ಮಡಚಿಕೊಂಡದ್ದು ಪಕ್ಕದ ಸರಿಯಾದ ಪ್ರೋಟೀನನ್ನೂ ತನ್ನ ಆಕಾರಕ್ಕೇ ತರುತ್ತದೆ, ಅದು ಇನ್ನೊಂದನ್ನು. ಹಾಗಾಗಿ ಇದಕ್ಕೆ ಸ್ವಂತ ಡಿಎನ್ಎ ಆಗಲಿ ಆರ್‌ಎನ್ಎ ಆಗಲಿ ಬೇಕಿಲ್ಲ, ಕಚ್ಚಾ ಮಾಲನ್ನು ರೋಗಿಯ ಜೀನೇ ಒದಗಿಸುತ್ತಾ ಇರುತ್ತದೆ. 1967ರಲ್ಲೇ ಟಿಕ್ವಾ ಆಲ್ಪರ್ ಮತ್ತು ಜೊತೆಗಾರರು ಕುರಿಗಳ ಸ್ಕ್ರೇಪಿ ರೋಗದ ವಸ್ತುವಿನ ಮೇಲೆ ಅಲ್ಟ್ರಾವಯೊಲೆಟ್ ಬಿಟ್ಟು ನೋಡಿದ್ದರು. ವೈರಸ್‌ಗಳ ಜೀನ್ ಹಾಳಾಗುವಷ್ಟು ಬಿಟ್ಟರೂ ಸೋಂಕು ಹೋಗಲಿಲ್ಲ. 'ಪ್ರಿಯಾನ್' ಅಂತ ಸ್ಟ್ಯಾನ್ಲಿ ಪ್ರೂಸಿನರ್ ಹೆಸರಿಟ್ಟಿದ್ದು 1982ರಲ್ಲಿ.

ಇನ್ನು ಸಿಸ್ಟರ್ ಪ್ರಶ್ನೆ. ಮೊಟ್ಟೆಯ ಪ್ರೋಟೀನ್ ಸಡಿಲವಾಗಿ ಮಡಚಿಕೊಂಡಿರುತ್ತದೆ, ಬಿಸಿ ತಾಗಿದರೆ ಬಿಚ್ಚಿಕೊಳ್ಳುತ್ತದೆ. ಪ್ರಿಯಾನ್‌ಗಳು ಒಂದರ ಮೇಲೊಂದು ಚಪ್ಪಟೆಯಾಗಿ ಒತ್ತಿಕೊಂಡು ನಾರಿನಂತೆ ಜೋಡಣೆಯಾಗಿರುತ್ತವೆ. ಒಳಗೆ ನೀರು ನುಗ್ಗುವುದು ಕಷ್ಟ. ಪ್ರೋಟೀನ್ ಕತ್ತರಿಸುವ ಎಂಜೈಮ್ ಕೂಡ ಅದನ್ನು ಪೂರ್ತಿ ತಿನ್ನಲಾರದು. 121 ಡಿಗ್ರಿಯ ಮಾಮೂಲಿ ಸೈಕಲ್‌ನಲ್ಲಿ ಸೋಂಕು ಕಡಿಮೆಯಾಗುತ್ತದೆ, ನಿಜ. ಆದರೆ ಸ್ವಲ್ಪ ಉಳಿಯುತ್ತದೆ. ಆ ಸ್ವಲ್ಪವೇ ಸಾಕು.

ಅವರು ಬಿಡಲಿಲ್ಲ. "ಫಾರ್ಮಲಿನ್?"

ಆಗ ಜ್ಯೂರಿಕ್‌ನ ಕತೆ ಹೇಳಿದೆ, 1977ರಲ್ಲಿ ವರದಿಯಾದದ್ದು. ಸಿಜೆಡಿ ಇದ್ದ ರೋಗಿಯ ಮೆದುಳಿಗೆ ಇಳಿಸಿದ್ದ ಬೆಳ್ಳಿಯ ಎಲೆಕ್ಟ್ರೋಡ್‌ಗಳನ್ನು ಬೆಂಜೀನ್‌ನಲ್ಲಿ ತೊಳೆದು, ಶೇ 70ರ ಆಲ್ಕೋಹಾಲ್ ಮತ್ತು ಫಾರ್ಮಾಲ್ಡಿಹೈಡ್ ಆವಿಯಲ್ಲಿ ಇಟ್ಟು, ಆಮೇಲೆ ಮೂರ್ಛೆರೋಗದ ಇಬ್ಬರು ಎಳೆಯರಿಗೆ ಬಳಸಿದರು. ಇಬ್ಬರಿಗೂ ಸಿಜೆಡಿ ಬಂತು. ಎರಡು ವರ್ಷಕ್ಕೂ ಜಾಸ್ತಿ ಕಾಲದ ನಂತರ, ಮತ್ತೆ ಮತ್ತೆ ಶುದ್ಧ ಮಾಡಿದ್ದ ಅದೇ ಎಲೆಕ್ಟ್ರೋಡನ್ನು ಚಿಂಪಾಂಜಿಗೆ ಹಾಕಿದರು. ಅದಕ್ಕೂ ಕಾಯಿಲೆ. ಫಾರ್ಮಲಿನ್ ಅಂದರೆ ಫಾರ್ಮಾಲ್ಡಿಹೈಡ್ ಕರಗಿಸಿದ ನೀರು, ಅದರ ಕೆಲಸವೇ ಪ್ರೋಟೀನುಗಳನ್ನು ಬೆಸೆದು ಬಿಗಿಮಾಡುವುದು. ಬ್ಯಾಕ್ಟೀರಿಯಾ ಅದರಿಂದ ಸಾಯುತ್ತದೆ. ಆದರೆ ಪ್ರಿಯಾನ್‌ಗೆ ಅದು ಸಹಾಯ, ತಪ್ಪು ಆಕಾರ ಇನ್ನಷ್ಟು ಗಟ್ಟಿಯಾಗುತ್ತದೆ.

ಸಿಸ್ಟರ್ ಸ್ವಲ್ಪ ಹೊತ್ತು ಸುಮ್ಮನಿದ್ದು, "ಆದ್ರೆ ಲೋಡ್ ಪಾಸ್ ಅಂತಾನೇ ಬರುತ್ತಲ್ಲ ಸಾರ್" ಅಂದರು.

ಈ ಮಾತು ಇವತ್ತಿಗೂ ತಲೆಯಲ್ಲಿ ಸುತ್ತುತ್ತಿದೆ. ಆಟೋಕ್ಲೇವ್ ಸರಿಯಾಗಿ ಓಡಿತಾ ಅಂತ ನೋಡಲು ಒಳಗೆ ಸ್ಪೋರ್ ಆಂಪ್ಯೂಲ್ ಇಡ್ತೀವಿ, ಅಂದರೆ ಬಿಸಿಗೆ ಸುಲಭವಾಗಿ ಸಾಯದ ಬ್ಯಾಕ್ಟೀರಿಯಾ ಬೀಜಕಗಳಿರುವ ಪುಟ್ಟ ಸೀಸೆ. ಆಮೇಲೆ ಇನ್‌ಕ್ಯುಬೇಟರ್‌ನಲ್ಲಿ ಇಟ್ಟಾಗ ಏನೂ ಬೆಳೆಯಲಿಲ್ಲ ಅಂದರೆ ಲೋಡ್ ಪಾಸ್. ಬೆಳೆಯುವಂಥದ್ದು ಸತ್ತಿದೆ ಅಂತ ಮಾತ್ರ ಅದು ಹೇಳುತ್ತದೆ. ಪ್ರಿಯಾನ್ ಯಾವ ಕಲ್ಚರ್ ಪ್ಲೇಟಿನಲ್ಲೂ ಕಾಲೊನಿ ಆಗಿ ಬೆಳೆಯಲ್ಲ, ಹಾಗಾಗಿ ನಮ್ಮ ಎಲ್ಲ ಪರೀಕ್ಷೆಯಲ್ಲೂ ಆರಾಮಾಗಿ ಪಾಸಾಗುತ್ತದೆ. ಇಷ್ಟು ವರ್ಷ ಶುದ್ಧ ಅಂತ ಸಹಿ ಹಾಕಿದ ರಿಜಿಸ್ಟರೆಲ್ಲ 'ಬೆಳೆಯಲಿಲ್ಲ' ಅನ್ನೋದರ ದಾಖಲೆ, ಅಷ್ಟೇ ಅಲ್ವಾ? ಸಿಜೆಡಿ ಬರೋದು ವರ್ಷಕ್ಕೆ ಹತ್ತು ಲಕ್ಷ ಜನರಲ್ಲಿ ಒಬ್ಬಿಬ್ಬರಿಗೆ. ಅದಕ್ಕೇ ಈ ಅಳತೆಯ ಮಿತಿ ನಮ್ಮ ಕಣ್ಣಿಗೆ ಬೀಳಲ್ಲ. ಸೋಂಕು ತಗುಲಿ ಕಾಯಿಲೆ ಕಾಣುವಷ್ಟರಲ್ಲಿ ವರ್ಷಗಳೇ ಕಳೆದಿರುತ್ತವೆ, ಯಾವ ಸೆಟ್ಟಿನಿಂದ ಬಂತು ಅಂತ ಯಾರು ಹುಡುಕ್ತಾರೆ.

ಮಾಡಬೇಕಾದ್ದು ಗೊತ್ತಿದೆ, ವಿಶ್ವ ಆರೋಗ್ಯ ಸಂಸ್ಥೆ 1999ರಲ್ಲೇ ಬರೆದಿಟ್ಟಿದೆ. ಮೊದಲನೆಯದಾಗಿ, ಉಪಕರಣ ಒಣಗಲು ಬಿಡಬಾರದು, ಸ್ಟೀಲಿಗೆ ಒಣಗಿ ಅಂಟಿದರೆ ತೆಗೆಯೋದು ಇನ್ನೂ ಕಷ್ಟ. ಒಂದು ವಿಧಾನದಲ್ಲಿ ಲೀಟರಿಗೆ 40 ಗ್ರಾಂ ಕಾಸ್ಟಿಕ್ ಸೋಡಾ ಹಾಕಿದ ದ್ರಾವಣದಲ್ಲಿ ಒಂದು ಗಂಟೆ ಮುಳುಗಿಸಿ, ತೆಗೆದು ನೀರಿಗೆ ಹಾಕಿ, 121 ಡಿಗ್ರಿಯಲ್ಲಿ ಇನ್ನೊಂದು ಗಂಟೆ ಆಟೋಕ್ಲೇವ್ ಮಾಡಬೇಕು. ಇಷ್ಟು ಕ್ಷಾರಕ್ಕೆ ಅಲ್ಯೂಮಿನಿಯಂ ತಡೆಯಲ್ಲ. ಅದಕ್ಕೇ ಬಿಸಾಡುವ ಸೆಟ್ ಬಳಸಿ ಸುಟ್ಟುಬಿಡೋದು ಎಲ್ಲಕ್ಕಿಂತ ವಾಸಿ.

ಕೊನೆಗೆ ಬಯಾಪ್ಸಿ ಕೈಬಿಟ್ಟರು. ಎಂಆರ್‌ಐ ನೋಡಿ, ಬೆನ್ನುಹುರಿ ದ್ರವ ಪರೀಕ್ಷೆಗೆ ಕಳಿಸಿ ತೀರ್ಮಾನಿಸೋಣ ಅಂದರು. ಸೆಟ್ ಉಳಿಯಿತು ಅಂತ ಆಡಳಿತದವರಿಗೆ ಖುಷಿ. ಸಿಸ್ಟರ್ ಮಾತ್ರ ಹೊರಡುವಾಗ ಇನ್ನೊಂದು ಕೇಳಿದರು: ಅನುಮಾನವೇ ಬಾರದ ರೋಗಿಗೆ ಬಳಸಿದ ಸೆಟ್ ಬಗ್ಗೆ ಏನು ಮಾಡೋದು?