ಉಡುಗೊರೆ ಬೇಡ ಎಂಬ ಮಾತನ್ನು ಲಗ್ನಪತ್ರಿಕೆಯಲ್ಲಿ ಹೇಗೆ ಬರೆಸಬೇಕು?

“ಸರ್, ನಮಗೆ ಉಡುಗೊರೆ ಬೇಡ. ಕೊಡಲೇಬೇಕು ಅನ್ನೋರು ಹನಿಮೂನ್ ಖರ್ಚಿಗೆ ಏನಾದರೂ ಕೊಟ್ಟರೆ ಸಂತೋಷ. ಇದನ್ನ ಪತ್ರಿಕೆಯಲ್ಲಿ ಮರ್ಯಾದೆಯಾಗಿ ಹೇಗೆ ಹಾಕಿಸೋದು?”

ಹಾಸನದಲ್ಲಿ ಲಗ್ನಪತ್ರಿಕೆಗಳ ಒಕ್ಕಣೆ ಬರೆದುಕೊಡುವ ನನ್ನ ಉತ್ತರವೇನೆಂದರೆ, ಮೊದಲ ಮಾತನ್ನು ಪತ್ರಿಕೆಯಲ್ಲಿ ಹಾಕಿಸಿ, ಎರಡನೆಯದನ್ನು ಹಾಕಿಸಲೇಬೇಡಿ. ನಮ್ಮ ಕಡೆ ಪತ್ರಿಕೆ ಹೊರಡುವುದು ತಂದೆತಾಯಿಯರ ಹೆಸರಿನಲ್ಲಿ. ಕುಲದೇವರ ಹೆಸರಿನಿಂದ ಆರಂಭವಾಗಿ ‘ಸುಖಾಗಮನ ಬಯಸುವವರು’ ಎಂದು ಹಿರಿಯರ ಹೆಸರಿನೊಂದಿಗೆ ಮುಗಿಯುವ ಆ ಹಾಳೆಯಲ್ಲಿ ಮಕ್ಕಳ ಪ್ರವಾಸಕ್ಕೆ ಹಣ ಕೇಳಿದರೆ, ಕೇಳಿದವರು ಅಪ್ಪ ಅಮ್ಮನೇ ಆಗುತ್ತಾರೆ. ಅದೂ ಅಲ್ಲದೆ, ಒಂದೇ ಪತ್ರಿಕೆಯಲ್ಲಿ ಉಡುಗೊರೆ ಬೇಡ ಎಂದೂ ಹಣವಾದರೆ ಆಗಬಹುದು ಎಂದೂ ಬರೆದರೆ ಮೊದಲ ಮಾತನ್ನು ಯಾರೂ ನಂಬುವುದಿಲ್ಲ.

ಸಕಲೇಶಪುರದ ಕಡೆಯ ವರ, ಬೇಲೂರಿನ ಕಡೆಯ ವಧು ಬರೆದು ತಂದಿದ್ದ ಸಾಲು ಹೀಗಿತ್ತು: ‘ಉಡುಗೊರೆಗಳನ್ನು ನಿರಾಕರಿಸಲಾಗಿದೆ. ಬರಿಗೈಯಲ್ಲಿ ಬಂದು ಹರಸಿ. ಮಧುಚಂದ್ರಕ್ಕೆ ನೆರವಾಗಲಿಚ್ಛಿಸುವವರು ಸ್ಕ್ಯಾನ್ ಮಾಡಿ.’ ಅದರ ಕೆಳಗೆ ಕ್ಯೂಆರ್ ಕೋಡ್. ಮೊದಲ ವಾಕ್ಯ ಕಚೇರಿಯ ಸುತ್ತೋಲೆಯಂತಿತ್ತು. ‘ಬರಿಗೈ’ ಮಂಗಳಪತ್ರಿಕೆಯಲ್ಲಿ ಹಿರಿಯರು ಒಪ್ಪುವ ಮಾತಲ್ಲ. ಮೂರನೆಯ ವಾಕ್ಯವನ್ನೂ ಕೋಡನ್ನೂ ಪೂರ್ತಿಯಾಗಿ ತೆಗೆಸಿದೆ. ಹಾಗೆಂದು ‘ಆಶೀರ್ವಾದವೇ ಉಡುಗೊರೆ’ ಎಂಬ ರೂಢಿಯ ಸಾಲಷ್ಟನ್ನೇ ಇಟ್ಟರೂ ಸಾಲದು. ಅದನ್ನು ಜನ ಉಪಚಾರದ ಮಾತೆಂದು ಓದಿಕೊಂಡು, ಎಂದಿನಂತೆ ಕವರು ಹಿಡಿದೇ ಬರುತ್ತಾರೆ. ಏನೇನು ಬೇಡ ಎಂಬುದನ್ನು ಹೆಸರಿಟ್ಟು ಹೇಳಬೇಕು, ಆದರೆ ಬರುವವರ ಬಗೆಗಿನ ಆದರದ ಮಾತು ಅದಕ್ಕಿಂತ ಮೊದಲು ಬರಬೇಕು. ಕೊನೆಗೆ ಅಚ್ಚಾದದ್ದು ಇದು:

‘ತಾವು ಸಕುಟುಂಬ ಸಮೇತರಾಗಿ ಬಂದು ವಧೂವರರನ್ನು ಆಶೀರ್ವದಿಸುವುದೇ ನಮಗೆ ದೊಡ್ಡ ಉಡುಗೊರೆ. ಮುಯ್ಯಿ, ಉಡುಗೊರೆ, ಹೂಗುಚ್ಛ ಯಾವುದನ್ನೂ ದಯವಿಟ್ಟು ತರಬೇಡಿರೆಂದು ಸವಿನಯ ಪ್ರಾರ್ಥನೆ.’

ಇದರ ಜಾಗ ಪತ್ರಿಕೆಯ ಕೊನೆ, ಹಿರಿಯರ ಹೆಸರುಗಳ ಕೆಳಗೆ. ಅಕ್ಷರ ಒಳಗಿನ ಒಕ್ಕಣೆಯಷ್ಟೇ ದಪ್ಪವಿರಲಿ. ಇನ್ನೂ ದಪ್ಪ ಮಾಡಿದರೆ ಎಚ್ಚರಿಕೆಯ ಫಲಕದಂತೆ ಕಾಣುತ್ತದೆ.

ಮುಯ್ಯಿಯ ವಿಷಯವನ್ನು ಮಾತ್ರ ಅಚ್ಚಿನ ಸಾಲಿಗೆ ಬಿಟ್ಟು ಸುಮ್ಮನಾಗುವಂತಿಲ್ಲ. ಹಳ್ಳಿಯ ಮನೆಗಳಲ್ಲಿ ಯಾರ ಮದುವೆಗೆ ಯಾರು ಎಷ್ಟು ಹಾಕಿದರೆಂಬ ಲೆಕ್ಕದ ಪುಸ್ತಕ ಇಂದಿಗೂ ಇರುತ್ತದೆ. ಹಿಂದೆ ನಿಮ್ಮ ಮನೆಯವರು ಹಾಕಿದ ಮುಯ್ಯಿಯನ್ನು ತೀರಿಸಲೆಂದು ಈ ಮದುವೆಗಾಗಿ ಕಾದಿರುವವರಿಗೆ, ಬೇಡವೆಂದರೆ ಋಣ ಉಳಿದುಹೋಯಿತೆಂಬ ಕೊರಗು. ಸೋದರಮಾವನಿಗಂತೂ ತಾನು ತರುವ ಸೀರೆಯನ್ನು ಬೇಡವೆಂದದ್ದು ಸಂಬಂಧವನ್ನೇ ಬೇಡವೆಂದಂತೆ ಕೇಳಿಸೀತು. ಆದ್ದರಿಂದ ಅರಿಶಿನ ಕುಂಕುಮ ಕೊಟ್ಟು ಕರೆಯಲು ಹೋದಾಗ ತಾಯಿಯೇ ಬಾಯಿಬಿಟ್ಟು ಹೇಳಬೇಕು: “ಅಣ್ಣಾ, ಪತ್ರಿಕೇಲಿ ಹಾಕ್ಸಿರೋದು ಹೊರಗಿನವರಿಗೆ. ನಿನ್ನ ಶಾಸ್ತ್ರ ನೀನು ಮಾಡ್ಲೇಬೇಕು.” ಈ ಮದುವೆಯಲ್ಲಿ ವಧುವಿನ ತಾಯಿ ಹಾಗೆಯೇ ಹೇಳಿ ಬಂದರು.

ಇನ್ನು ಮಧುಚಂದ್ರದ ಮಾತು. ಅದು ವಧೂವರರ ಗೆಳೆಯರಿಗೆ, ಸಹೋದ್ಯೋಗಿಗಳಿಗೆ ಹೋಗಬೇಕಾದ ಮಾತು; ಅದೂ “ಏನು ಕೊಡ್ಲಿ?” ಎಂದು ಅವರಾಗಿಯೇ ಕೇಳಿದಾಗ, ವಾಟ್ಸಾಪಿನಲ್ಲಿ, ಒಬ್ಬೊಬ್ಬರಿಗೆ ಬೇರೆಬೇರೆಯಾಗಿ. ಗುಂಪಿಗೆ ಹಾಕಿದರೆ ವಂತಿಗೆ ಎತ್ತಿದಂತಾಗುತ್ತದೆ. ಆ ಜೋಡಿಗೆ ಬರೆದುಕೊಟ್ಟದ್ದು: ‘ನೀನು ಬಂದರೆ ಅದೇ ಸಂತೋಷ. ಏನಾದರೂ ಕೊಡಲೇಬೇಕು ಅನ್ನಿಸಿದರೆ, ಮದುವೆಯಾದ ಮೇಲೆ ನಾವು ಮೇಘಾಲಯಕ್ಕೆ ಹೋಗುತ್ತಿದ್ದೇವೆ, ಆ ಪ್ರವಾಸಕ್ಕೆ ನಿನ್ನದೂ ಒಂದು ಪಾಲು ಸೇರಲಿ. ಅಲ್ಲಿಂದ ಫೋಟೊ ಕಳಿಸುತ್ತೇವೆ.’ ಇದರಲ್ಲಿ ಮೊತ್ತ ಸೂಚಿಸಬಾರದು. ಊರಿನ ಹೆಸರನ್ನು ಮಾತ್ರ ಬಿಡಬೇಡಿ, ತನ್ನ ಹಣ ಯಾವುದಕ್ಕೆ ಸೇರುತ್ತದೆಂದು ಕೊಡುವವನಿಗೆ ತಿಳಿದಿರಬೇಕು. ಯುಪಿಐ ಐಡಿ ವಧುವಿನದೋ ವರನದೋ ಆಗಿರಲಿ, ತಂದೆಯದು ಬೇಡ. ಹಣ ಕಳಿಸುವಾಗ ಪರದೆಯ ಮೇಲೆ ಗೊತ್ತಿರುವ ಹೆಸರು ಕಂಡರೆ ಕಳಿಸುವವರಿಗೆ ಅನುಮಾನ ಬಾರದು. ಜೊತೆಗೆ, ಮದುವೆಯ ಉಡುಗೊರೆಗೆ ಇರುವ ಆದಾಯ ತೆರಿಗೆಯ ವಿನಾಯಿತಿ ಮದುವೆಯಾಗುವವರಿಗೆ ಸಲ್ಲುತ್ತದೆಯೇ ಹೊರತು ಅವರ ತಂದೆತಾಯಿಗಳಿಗಲ್ಲ.

ಇಷ್ಟೆಲ್ಲ ಆದರೂ ಆರತಕ್ಷತೆಯ ದಿನ ಕೆಲವರು ಕವರು ತಂದೇ ತರುತ್ತಾರೆ. ವೇದಿಕೆಯ ಮೇಲೆ “ಪತ್ರಿಕೆ ನೋಡ್ಲಿಲ್ವಾ?” ಎಂಬ ಮಾತು ಯಾರ ಬಾಯಿಂದಲೂ ಬರಕೂಡದು. ಒಮ್ಮೆ “ಬೇಡ, ನೀವು ಬಂದಿದ್ದೇ ಸಾಕು” ಎನ್ನಿ. ಹಿರಿಯರು ಮತ್ತೆ ಕೈಗಿಟ್ಟರೆ ಎರಡೂ ಕೈಯಲ್ಲಿ ತೆಗೆದುಕೊಂಡು ಕಾಲಿಗೆ ನಮಸ್ಕಾರ ಮಾಡಿ. ಕವರಿನ ಮೇಲಿನ ಹೆಸರನ್ನು ಅಂದೇ ಮನೆಯ ಪುಸ್ತಕದಲ್ಲಿ ಬರೆಸಿಡಿ, ಏಕೆಂದರೆ ಅವರ ಮನೆಯಲ್ಲಿ ಮದುವೆಯಾದಾಗ ನೀವು ಆ ಮುಯ್ಯಿಯನ್ನು ತೀರಿಸಬೇಕಾಗುತ್ತದೆ.