ಮಾಡ್ಯುಲಸ್ ತೆಗೆಯುವ ಮೊದಲು ಒಂದು ಅಡ್ಡಗೆರೆ

ದ್ವಿತೀಯ ಪಿಯುಸಿಯಲ್ಲಿ ಮಾಡ್ಯುಲಸ್ ಇರುವ ಲೆಕ್ಕ ಬಂದರೆ ನಮ್ಮ ಗಣಿತ ಮೇಷ್ಟ್ರು ಮೊದಲು ಹಲಗೆಯ ಮೇಲೆ ಒಂದು ಅಡ್ಡಗೆರೆ ಎಳೆಯುತ್ತಿದ್ದರು. ಅದು ಸಂಖ್ಯಾರೇಖೆ. ಅದರ ಮೇಲೆ ಪ್ಲಸ್, ಮೈನಸ್ ಗುರುತು ಬೀಳುವವರೆಗೆ ಇಂಟಿಗ್ರೇಷನ್ ಶುರುವಾಗುತ್ತಿರಲಿಲ್ಲ. ಆ ಗೆರೆ ಯಾಕೆ ಬೇಕು ಎಂಬುದು ಈ ಲೆಕ್ಕದಲ್ಲಿ ಚೆನ್ನಾಗಿ ಕಾಣುತ್ತದೆ: 0 ಯಿಂದ 4 ರವರೆಗೆ |x² − 4x + 3|.

ಒಳಗಿರುವುದು (x − 1)(x − 3). ಸೊನ್ನೆಯಾಗುವುದು 1 ಮತ್ತು 3 ರಲ್ಲಿ, ಎರಡೂ ನಮ್ಮ ಲಿಮಿಟ್‌ಗಳ ನಡುವೆಯೇ ಇವೆ. ಈಗ ಪ್ರತಿ ತುಂಡಿನಿಂದ ಒಂದೊಂದು ಬೆಲೆ ಹಾಕಿ ನೋಡಬೇಕು. x = 0 ಆದರೆ 3, ಪ್ಲಸ್. x = 2 ಆದರೆ −1, ಮೈನಸ್. x = 4 ಆದರೆ 3, ಮತ್ತೆ ಪ್ಲಸ್. ಹಾಗಾಗಿ ನಡುವಿನ ತುಂಡಿನಲ್ಲಿ ಮಾತ್ರ ಮಾಡ್ಯುಲಸ್ ತೆಗೆಯುವಾಗ ಇಡೀ ಪದಪುಂಜಕ್ಕೆ ಆವರಣ ಹಾಕಿ ಮುಂದೆ ಮೈನಸ್ ಇಡಬೇಕು. ಆವರಣ ಬಿಟ್ಟು x² ಗೆ ಮಾತ್ರ ಮೈನಸ್ ಹಾಕುವವರು ಇಲ್ಲೇ ಎಡವುತ್ತಾರೆ.

F(x) = x³/3 − 2x² + 3x ಎಂದು ಒಂದೇ ಸಲ ಬರೆದುಕೊಂಡರೆ ಸಾಕು. F(0) = 0, F(1) = 4/3, F(3) = 0, F(4) = 4/3. ಮೂರು ತುಂಡುಗಳು 4/3, −4/3, 4/3. ನಡುವಿನದರ ಚಿಹ್ನೆ ತಿರುಗಿಸಿ ಕೂಡಿದರೆ ಉತ್ತರ 4.

ತುಂಡು ಮಾಡದೆ F(4) − F(0) ತೆಗೆದರೆ 4/3 ಬರುತ್ತದೆ. ರೇಖೆಯ ಕೆಳಗಿನ ವಿಸ್ತೀರ್ಣ ಮೇಲಿನದನ್ನು ಕಳೆದುಬಿಟ್ಟಿದೆ. ಕೊನೆಯಲ್ಲಿ ಆ 4/3 ಕ್ಕೆ ಮಾಡ್ಯುಲಸ್ ಹಾಕಿ ಪ್ರಯೋಜನವಿಲ್ಲ, ಕಳೆದುಹೋದದ್ದು ವಾಪಸ್ ಬರುವುದಿಲ್ಲ. ಇದೇ ಲೆಕ್ಕ 0 ಯಿಂದ 2 ರವರೆಗೆ ಇದ್ದರೆ 3 ನ್ನು ಮುಟ್ಟಲೇಬಾರದು, ಅದು ಲಿಮಿಟ್‌ನ ಆಚೆ ಇದೆ. ಆಗ 1 ರಲ್ಲಿ ಮಾತ್ರ ಒಡೆದು 4/3 + 2/3, ಅಂದರೆ 2.

ಬೆಲೆ ಹಾಕಿ ನೋಡುವ ಹೆಜ್ಜೆಯನ್ನು ಬಹಳ ಮಂದಿ ಹಾರಿಸುತ್ತಾರೆ. ಪ್ಲಸ್, ಮೈನಸ್, ಪ್ಲಸ್ ಎಂದು ಸರದಿಯಂತೆ ಬರೆದುಬಿಡುತ್ತಾರೆ. 0 ಯಿಂದ 2 ರವರೆಗೆ |x(x − 1)²| ಕೊಟ್ಟರೆ ಆ ಅಭ್ಯಾಸ ಕೈಕೊಡುತ್ತದೆ. 1 ರಲ್ಲಿ ಬೆಲೆ ಸೊನ್ನೆಯಾದರೂ ವರ್ಗವಿರುವುದರಿಂದ ಚಿಹ್ನೆ ಬದಲಾಗುವುದಿಲ್ಲ, ಎರಡೂ ಕಡೆ ಪ್ಲಸ್ಸೇ. ಅಲ್ಲಿ ಒಡೆದರೆ ತಪ್ಪೇನಿಲ್ಲ: 1/12 + 7/12, ಅಂದರೆ 2/3. ಸರದಿಯಂತೆ ಎರಡನೆಯದಕ್ಕೆ ಮೈನಸ್ ಹಾಕಿದರೆ −1/2 ಬರುತ್ತದೆ. ಕೆಳಗಿನ ಲಿಮಿಟ್ ಚಿಕ್ಕದಿರುವಾಗ ಮಾಡ್ಯುಲಸ್‌ನ ಇಂಟಿಗ್ರಲ್ ಋಣ ಸಂಖ್ಯೆಯಾಗಲು ಸಾಧ್ಯವೇ ಇಲ್ಲ. ಅಂಥ ಉತ್ತರ ಕಂಡರೆ ಮೇಷ್ಟ್ರು ಮುಂದಿನ ಸಾಲುಗಳನ್ನು ಓದದೆ ನೇರವಾಗಿ ಅಡ್ಡಗೆರೆಯ ಹತ್ತಿರ ಬೆರಳಿಡುತ್ತಿದ್ದರು.