ಕಪ್ಪು ಕೊನೇಗೆ ಏನ್ ಆಡ್ತು?

ಈ ವಾರ ನನ್ ಚೆಸ್ ಗೆಳೆಯ ಯಾವ್ದೋ ಬೋರ್ಡಿನ ಫೋಟೋ ನೋಡ್ಕೊಂಡು ಪೊಸಿಷನ್ ಟೈಪ್ ಮಾಡಿ ಕಳಿಸಿದ್ದ, ಜೊತೆಗೆ "ಬಿಳಿ ಆಟ, ಒಂದೇ ಮೂವಲ್ಲಿ ಮೇಟ್, ಇಷ್ಟು ಸುಲಭದ್ದು ಯಾರ್ ಕೇಳ್ತಾರಪ್ಪಾ" ಅಂತ ಕೊಂಕು ಬೇರೆ. ಅವನು ಕಳಿಸಿದ ಫೆನ್, ಅಂದ್ರೆ ಪೊಸಿಷನ್ನ ಒಂದೇ ಸಾಲಲ್ಲಿ ಬರೆದಿದ್ದು, ಇದು:

```
k7/p1K5/8/8/8/8/8/5B2 w - - 0 1
```

ಇರೋದೇ ನಾಲ್ಕು ಕಾಯಿ. ಕಪ್ಪು ರಾಜ a8, ಕಪ್ಪು ಪಾನ್ a7, ಬಿಳಿ ರಾಜ c7, ಬಿಳಿ ಬಿಷಪ್ f1. ಬಿಷಪ್ g2ಗೆ ಬಂದ್ರೆ ಮೇಟ್, ಅದೇನೋ ನಿಜ. ಆದ್ರೆ ನಂಗ್ಯಾಕೋ ಸರಿ ಅನ್ನಿಸ್ಲಿಲ್ಲ. "ಈಗ ಬಿಳಿ ಆಟ ಅಂದ್ರೆ ಇದಕ್ಕೆ ಮುಂಚೆ ಕಪ್ಪು ಆಡಿರ್ಬೇಕಲ್ವಾ, ಏನ್ ಆಡ್ತು ಹೇಳು ನೋಡೋಣ" ಅಂದೆ. ಅದಕ್ಕೆ ಅವನು "ಆಪ್ ಎರರ್ ಕೊಡ್ಲಿಲ್ಲ ಮಾರಾಯಾ, ಪೊಸಿಷನ್ ಸರಿಯಾಗೇ ಇದೆ" ಅಂದ.

ನಾನು ಇನ್ನೊಂದ್ಸಲ ಕೇಳ್ದೆ, ಕಪ್ಪು ಏನ್ ಆಡ್ತು? ಪಾನ್ a7ಲ್ಲಿದೆ, ಅಂದ್ರೆ ಆಟ ಶುರುವಾದಾಗ ಇದ್ದ ಜಾಗದಲ್ಲೇ ಇದೆ, ಪಾನ್ ಹಿಂದಕ್ಕೆ ಬರಲ್ಲ, ಸೋ ಅದು ಅಲ್ಲಾಡೇ ಇಲ್ಲ. ಉಳಿದಿದ್ದು ರಾಜ. ಅವನು a8ಗೆ b8ಯಿಂದ ಬರ್ಬೇಕು ಇಲ್ಲಾ b7ಯಿಂದ ಬರ್ಬೇಕು, ಎರಡೂ c7ಲ್ಲಿರೋ ಬಿಳಿ ರಾಜನ ಪಕ್ಕದ ಮನೆ, ರಾಜರಿಬ್ರು ಅಕ್ಕಪಕ್ಕ ನಿಲ್ಲೋ ಹಾಗೇ ಇಲ್ಲ. ಬರೋವಾಗ ಏನನ್ನಾದ್ರೂ ಹೊಡ್ಕೊಂಡೇ ಬಂದ ಅಂದ್ರೂ ಅಷ್ಟೇ, ಹೊರಟ ಮನೆ ಬದಲಾಗಲ್ವಲ್ಲ. ಒಟ್ನಲ್ಲಿ ಕಪ್ಪಿಗೆ ಕೊನೇ ಮೂವ್ ಅನ್ನೋದೇ ಇಲ್ಲ. ಅಂದ್ಮೇಲೆ ಕೊನೇಗೆ ಆಡಿದ್ದು ಬಿಳಿ, ಈಗ ಸರದಿ ಕಪ್ಪಿಂದು. ಕಪ್ಪು a6ನೋ a5ನೋ ಆಡುತ್ತೆ, ಆಮೇಲೆ ಬಿಷಪ್ g2ಗೆ ಬಂದು ಚೆಕ್ ಕೊಟ್ರೂ ರಾಜ ಖಾಲಿಯಾದ a7ಗೆ ಆರಾಮಾಗಿ ಜಾರ್ಕೋತಾನೆ. ಇವನ ಒಂದೇ ಮೂವಿನ ಮೇಟ್ ಅಲ್ಲಿಗೆ ಮುಗೀತು.

ಆಪ್ ಯಾಕೆ ಸುಮ್ನಿತ್ತು ಅಂದ್ರೆ ಅದು ನೋಡೋದು ಬೇರೆ ಥರದ ವಿಷಯ. ಎರಡು ಬಣ್ಣಕ್ಕೂ ಒಂದೊಂದೇ ರಾಜ ಇದಾನಾ, ಪಾನ್ ಮೊದಲ್ನೇ ಅಥವಾ ಎಂಟನೇ ಸಾಲಲ್ಲಿ ಕೂತಿದ್ಯಾ, ಸರದಿ ಇಲ್ಲದವರ ರಾಜ ಚೆಕ್‌ನಲ್ಲಿ ಸಿಕ್ಕಿದಾನಾ, ಹೆಚ್ಚುಕಮ್ಮಿ ಇಷ್ಟೇ. ಪೈಥಾನಲ್ಲೂ ಇದೇ ಕಥೆ:

```
import chess
b = chess.Board("k7/p1K5/8/8/8/8/8/5B2 w - - 0 1")
print(b.is_valid())   # True
```

ಇದು ಈಗಿನ ಬೋರ್ಡ್ ನೋಡಿ ಹೇಳೋ ಉತ್ತರ, ಇಲ್ಲಿಗೆ ಹೇಗ್ ಬಂತು ಅಂತ ಅದು ಕೇಳೋದೇ ಇಲ್ಲ. ನಮ್ಮವನೂ ಕೇಳಲ್ಲ ಬಿಡಿ, ಬುದ್ಧಿವಂತನೇ, ಆದ್ರೆ ಮೇಟ್ ಕಂಡ್ರೆ ಸಾಕು ಬೇರೇನೂ ಕಾಣ್ಸಲ್ಲ.

ಮೂಲ ಫೋಟೋ ಕಳ್ಸು ಅಂದೆ. ಬೋರ್ಡ್ ಅಂಚಲ್ಲಿ ಅಕ್ಷರ, ಅಂಕಿ ಏನೂ ಇಲ್ಲ, ಇವನು ಫೋಟೋದ ಕೆಳಭಾಗವೇ ಬಿಳಿ ಕಡೆ ಅಂತ ಇಟ್ಕೊಂಡ್ಬಿಟ್ಟಿದಾನೆ. ಬಲಗಡೆ ಮೂಲೆ ಬಿಳಿ ಮನೆ ಇರ್ಬೇಕು ಅನ್ನೋ ರೂಲ್ ನೋಡ್ಕೊಂಡೆ ಅಂತಾನೆ. ಆ ರೂಲಿಂದ ಫೋಟೋ ಪಕ್ಕಕ್ಕೆ ತಿರುಗಿದ್ರೆ ಅಥವಾ ಕನ್ನಡಿ ಥರ ಉಲ್ಟಾ ಆಗಿದ್ರೆ ಗೊತ್ತಾಗುತ್ತೆ, ಪೂರ್ತಿ ಎದುರು ಕಡೆಯಿಂದ ತೆಗೆದಿದ್ರೆ ಗೊತ್ತಾಗಲ್ಲ, ಯಾಕಂದ್ರೆ ಆ ಕಡೆಯಿಂದ್ಲೂ ಬಲಮೂಲೆ ಬಿಳಿನೇ. ಅದಕ್ಕೆ ತಿರುಗಿಸಿ ನೋಡ್ದೆ:

```
2B5/8/8/8/8/8/5K1p/7k w - - 0 1
```

ಈಗ ಅದೇ ಪಾನ್ h2ಲ್ಲಿದೆ, ಕ್ವೀನ್ ಆಗೋಕೆ ಒಂದೇ ಹೆಜ್ಜೆ ಬಾಕಿ. ಮತ್ತೆ ಅದೇ ಪ್ರಶ್ನೆ, ಕಪ್ಪು ಏನ್ ಆಡ್ತು? ಈ ಸಲ ಉತ್ತರ ಇದೆ, h3ಯಿಂದ h2. g3ಯಿಂದ ಹೊಡ್ಕೊಂಡು ಬಂದಿರ್ಬಹುದಲ್ವಾ ಅಂದ್ರೆ ಇಲ್ಲ, g3ಲ್ಲಿ ಕಪ್ಪು ಪಾನ್ ಇದ್ರೆ f2ಲ್ಲಿರೋ ಬಿಳಿ ರಾಜನಿಗೆ ಚೆಕ್, ಬಿಳಿ ಚೆಕ್‌ನಲ್ಲಿದ್ದಾಗ ಕಪ್ಪಿಗೆ ಸರದಿ ಹೇಗ್ ಬರುತ್ತೆ. ಬಿಷಪ್ b7ಗೆ ಬಂದ್ರೆ ಮೇಟ್, ಇದು ನಿಜವಾದ ಮೇಟ್.

ನನ್ನ ತಲೇಲಿ ಉಳ್ಕೊಂಡಿದ್ದು ಏನಂದ್ರೆ ಸರದಿ ಅನ್ನೋದು ಬೋರ್ಡ್ ಮೇಲೆ ಕಾಣೋ ವಸ್ತುನೇ ಅಲ್ಲ, ಕಾಯಿ ಥರ ಕೈಗೆ ಸಿಗಲ್ಲ. ಕ್ಯಾಸಲಿಂಗ್ ಹಕ್ಕೂ ಹಾಗೇ, ರಾಜ e1ಲ್ಲಿ ರೂಕ್ h1ಲ್ಲಿ ಇದ್ಬಿಟ್ರೆ ಆಗ್ಲಿಲ್ಲ, ಒಂದ್ಸಲ ಹೋಗಿ ವಾಪಸ್ ಬಂದಿರ್ಬಹುದು. ಫೆನ್‌ನಲ್ಲಿ ಕಾಯಿಗಳಾದ್ಮೇಲೆ ಬರೋ, ಬಿಳಿ ಸರದಿ ಅಂತ ಹೇಳೋ ಆ `w` ಫೋಟೋದಿಂದ ಬಂದಿದ್ದಲ್ಲ, ನಾವು ಹಾಕಿದ್ದು, ಆದ್ರೂ ಟೈಪ್ ಆದ್ಮೇಲೆ ಎಲ್ರೂ ಅದನ್ನೂ ಫೋಟೋದಲ್ಲಿ ಕಂಡ ಹಾಗೇ ಓದ್ತಾರೆ.

ಗೆಳೆಯ ಅಷ್ಟಕ್ಕೇ ಬಿಡ್ಲಿಲ್ಲ. "ಸರಿ, ತಿರುಗಿಸಿದ್ರಲ್ಲಿ ಬಿಳಿ ಸರದಿನೇ ಅಂತ ಪ್ರೂವ್ ಮಾಡು" ಅಂದ. ಪ್ರಶ್ನೆ ಚೆನ್ನಾಗಿತ್ತು, ಪ್ರೂವ್ ಮಾಡೋಕಾಗಲ್ಲ ಅಂದೆ, ಕೊನೇಗೆ ಬಿಳೀನೇ ಆಡಿದ್ರೂ ಪೊಸಿಷನ್ ಹೀಗೇ ಇರ್ಬಹುದು, ಆದ್ರೆ ಆಗ ಕಪ್ಪಿಗೆ ಚೆಕ್ ಇಲ್ಲ, ಆಡೋಕೆ ಮೂವೂ ಇಲ್ಲ, ಸ್ಟೇಲ್‌ಮೇಟ್, ಡ್ರಾ. ಆಟ ಇನ್ನೂ ನಡೀತಿದೆ ಅಂದ್ರೆ ಮಾತ್ರ ಬಿಳಿ ಸರದಿ. "ಹಂಗಾದ್ರೆ ಫೋಟೋ ತೆಗ್ದವನನ್ನೇ ಕೇಳ್ಬೇಕು" ಅಂದ. ಹೂಂ, ಅದನ್ನ ಮೊದ್ಲೇ ಕೇಳಿದ್ರಾಗ್ತಿತ್ತು, ಇನ್ನೂ ಕೇಳಿಲ್ಲ.